ನೆನ್ನೆ, ಮೊನ್ನೆ ಮತ್ತು ಎಡಗೈ

ನನ್ನ ಗೆಳತಿಯ ಕೈಗೆ ಮೈಕು ಕೊಡಬಾರದು. ಕೊಟ್ಟರೆ ಸುಳ್ಳು ಹೇಳುತ್ತಾಳೆ ಎಂದಲ್ಲ. ನಿಜವನ್ನೇ ಹೇಳುತ್ತಾಳೆ, ಆದರೆ ಅದರಲ್ಲಿ ನಗು ಬರುವ ಭಾಗವನ್ನಷ್ಟೇ ಆರಿಸಿಕೊಂಡು ಹೇಳುತ್ತಾಳೆ. ಇದು ನನಗೆ ಮೊದಲಿಂದಲೂ ಗೊತ್ತಿದ್ದ ವಿಷಯ. ಆದರೂ ಹೋದ ಡಿಸೆಂಬರಿನಲ್ಲಿ ಅವಳ ಜೊತೆ ಹೊರಟೆ.

ಮುಳಬಾಗಿಲಿನಲ್ಲಿ ನಾವಿಬ್ಬರೂ ಓದಿದ ಪಿಯು ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ಅವಳಿಗೆ ಫೋನು ಮಾಡಿದ್ದರು. ಅವಳು ಈಗ ಕೋಲಾರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ನಾನು ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಸೇರುವ ಮುಂಚಿನ ಬಿಡುವಿನಲ್ಲಿ ಮನೆಯಲ್ಲಿದ್ದೇನೆ. ಮೇಷ್ಟ್ರು ಶ್ರೀನಿವಾಸಪುರದ ಕಡೆಯವರು, ಅರ್ಧ ಕನ್ನಡ ಅರ್ಧ ತೆಲುಗು. ಅವಳು ಫೋನನ್ನು ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿಸಿತು.

“ಏಮಮ್ಮಾ ನರ್ಸಮ್ಮಾ, ಬಾಗುನ್ನಾವಾ? ಇಲ್ಲಿ ಮಿಡ್‌ಟರ್ಮಲ್ಲಿ ಅರ್ಧ ಕ್ಲಾಸು ಮಕಾಡೆ ಮಲಗಿದೆ. ಪರೀಕ್ಷೆಗೆ ಇನ್ನು ಮೂರು ತಿಂಗಳಿದೆ. ನಾನು ಹೇಳಿದ್ರೆ ಆಕಳಿಸ್ತಾರೆ. ನೀನು ಬಂದು ಒಂದು ಹತ್ತು ನಿಮಿಷ ಮಾತಾಡು.”

“ನಾನಾ ಸಾರ್? ರ‍್ಯಾಂಕ್ ಬಂದೋರ‍್ನ ಕರೀರಿ ಸಾರ್.”

“ಅವರಿಂದ ಏನಮ್ಮಾ ಪ್ರಯೋಜನ? ನಿನ್ನಷ್ಟು ಕೆಟ್ಟದಾಗಿ ಮಿಡ್‌ಟರ್ಮ್ ಬರೆದು, ಆಮೇಲೆ ಫಸ್ಟ್‌ಕ್ಲಾಸಲ್ಲಿ ಪಾಸಾದವಳು ನನ್ನ ಸರ್ವಿಸ್ಸಲ್ಲೇ ಬೇರೆ ಯಾರೂ ಇಲ್ಲ.”

ಅವಳು ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡಳು. ನಾನು ಹೋಗಲು ಬೇರೆ ಕಾರಣವಿತ್ತು. ನನ್ನ ತಂಗಿ ಈಗ ಅದೇ ಕಾಲೇಜಿನಲ್ಲಿ ಸೆಕೆಂಡ್ ಪಿಯು. ಮಿಡ್‌ಟರ್ಮಿನಲ್ಲಿ ಮಕಾಡೆ ಮಲಗಿದ ಅರ್ಧ ಕ್ಲಾಸಿನಲ್ಲಿ ಅವಳೂ ಒಬ್ಬಳು. ದೇವರಾಯಸಮುದ್ರದ ಹತ್ತಿರದ ನಮ್ಮ ಹಳ್ಳಿಯಿಂದ ಅವಳು ಪಕ್ಕದ ಮನೆಯ ಹುಡುಗಿಯ ಸ್ಕೂಟಿಯಲ್ಲಿ ಹಿಂದೆ ಕುಳಿತು ಹೋಗಿ ಬರುತ್ತಾಳೆ. ನಾಲ್ಕು ವರ್ಷದ ಹಿಂದೆ ನಾನೂ ಹಾಗೆಯೇ, ಅದೇ ರಸ್ತೆಯಲ್ಲಿ, ನನ್ನ ಗೆಳತಿಯ ಸ್ಕೂಟಿಯ ಹಿಂದೆ ಕುಳಿತು ಹೋಗುತ್ತಿದ್ದೆ. ಆ ರಸ್ತೆ ನೆನಪಾದರೆ ನನಗೆ ಇವತ್ತಿಗೂ ಕುಳಿತಲ್ಲೇ ಎರಡು ಕಾಲೂ ಬಿಗಿಯುತ್ತವೆ. ಬಸ್ಸಿನಲ್ಲಿ ಕುಳಿತಿದ್ದರೂ ಇಲ್ಲದ ಬ್ರೇಕನ್ನು ಒತ್ತುತ್ತೇನೆ. ಪಕ್ಕದಲ್ಲಿ ಕುಳಿತವರು ನನ್ನ ಕಾಲು ನೋಡಿ ಸ್ವಲ್ಪ ಸರಿದು ಕೂರುತ್ತಾರೆ.

ಸೆಮಿನಾರ್ ಹಾಲಿನಲ್ಲಿ ಹುಡುಗಿಯರು ಎಡಗಡೆ, ಹುಡುಗರು ಬಲಗಡೆ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕುಳಿತಿದ್ದರು. ನಾನು ಹಿಂದಿನ ಗೋಡೆಗೆ ಒರಗಿ ನಿಂತೆ. ನನ್ನ ತಂಗಿ ಮತ್ತು ಪಕ್ಕದ ಮನೆಯ ಹುಡುಗಿ ಮಧ್ಯದ ಬೆಂಚಿನಲ್ಲಿ ಅಂಟಿಕೊಂಡು ಕುಳಿತಿದ್ದರು. ತಂಗಿ ತಿರುಗಿ ನನ್ನನ್ನು ನೋಡಿ, ‘ನೀನ್ಯಾಕೆ ಬಂದೆ’ ಎನ್ನುವ ಹಾಗೆ ಹುಬ್ಬು ಹಾರಿಸಿದಳು.

ಗೆಳತಿ ಮೈಕು ತೆಗೆದುಕೊಂಡು ಮೊದಲು ಅದಕ್ಕೆ ಎರಡು ಏಟು ಹಾಕಿದಳು. ಆಮೇಲೆ ಶುರು ಮಾಡಿದಳು.

“ನಿಮ್ಮಲ್ಲಿ ಮಿಡ್‌ಟರ್ಮ್ ಫಿಸಿಕ್ಸಲ್ಲಿ ಫೇಲಾದೋರು ಕೈ ಎತ್ತಿ.”

ಯಾರೂ ಎತ್ತಲಿಲ್ಲ. ಅವಳು ತನ್ನ ಕೈ ಎತ್ತಿದಳು. “ನಾನು ಎತ್ತಿದೀನಿ ನೋಡಿ. ಎಷ್ಟು ಬಂದಿತ್ತು ಅಂತ ಹೇಳಲ್ಲ, ಸಾರ್‌ಗೆ ಬೇಜಾರಾಗುತ್ತೆ.”

“ನಂಗೆ ಆವಾಗಲೇ ಆಗಿದೆಯಮ್ಮಾ” ಎಂದರು ಮೇಷ್ಟ್ರು.

ಇಡೀ ಹಾಲ್ ನಕ್ಕಿತು. ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೆ ಬಂತು, ಆಮೇಲೆ ಇನ್ನೊಂದು, ಆಮೇಲೆ ಹೊಲದಲ್ಲಿ ಪೈರು ಎದ್ದ ಹಾಗೆ ಸಾಲುಸಾಲು. ತಂಗಿಯ ಕೈ ಅರ್ಧ ಮಾತ್ರ ಎದ್ದಿತು, ನಾನು ನೋಡುತ್ತಿದ್ದೇನೆ ಎಂದಿರಬೇಕು. ನನಗಾಗಲೇ ಖುಷಿಯಾಗಿಹೋಗಿತ್ತು. ಇವಳು ಗೆದ್ದಳು ಎನ್ನಿಸಿತು. ಕೊಂಚ ಅತಿಯಾಗಿಯೇ ಗೆದ್ದಳು.

“ಮಿಡ್‌ಟರ್ಮ್ ಮಾರ್ಕ್ಸ್ ಬಂದ ದಿನ ನಾನೂ ನನ್ನ ಫ್ರೆಂಡೂ ಗಾಡೀಲಿ ಮನೆಗೆ ಹೋಗ್ತಾ ಇದ್ವಿ. ಇಬ್ಬರ ಬಾಯಲ್ಲೂ ಮಾತಿಲ್ಲ. ಸುಮ್ನೆ ನಾನು ಕೇಳ್ದೆ, ‘ಲೇ, ಮೊನ್ನೆ ಸಾರ್ ಏನ್ ಪಾಠ ಮಾಡಿದ್ರೇ?’ ಅಂತ. ಅವಳು ಯೋಚ್ನೆ ಮಾಡಿದ್ಲು. ಊರು ಬಂತು. ಇನ್ನೂ ಯೋಚ್ನೆ ಮಾಡ್ತಾನೇ ಇದಾಳೆ! ನಂಗೂ ಗೊತ್ತಿಲ್ಲ. ನೆನ್ನೆದು? ಅದೂ ಗೊತ್ತಿಲ್ಲ. ಅವಾಗ ಅಂದ್ಕೊಂಡ್ವಿ, ಮೊನ್ನೆದೇ ಗೊತ್ತಿಲ್ಲದೋರು ಜೂನಲ್ಲಿ ಓದಿದ್ದನ್ನ ಮಾರ್ಚಲ್ಲಿ ಹೆಂಗೆ ಬರೀತೀವಿ? ಅಷ್ಟೇ ನಮ್ ಪ್ಲಾನು. ಹೆಸರು ನೆನ್ನೆ-ಮೊನ್ನೆ.”

ಅವಳು ಬೋರ್ಡಿನ ಹತ್ತಿರ ಹೋಗಿ ದೊಡ್ಡದಾಗಿ ‘ನೆನ್ನೆ’ ಎಂದೂ ಅದರ ಕೆಳಗೆ ‘ಮೊನ್ನೆ’ ಎಂದೂ ಬರೆದಳು. ಮೇಷ್ಟ್ರು “ನಿನ್ನೆ ಅಂತ ಬರೆಯಮ್ಮಾ” ಎಂದರು. “ಸಾರ್, ಕನ್ನಡದಲ್ಲಿ ನಾನು ಪಾಸು” ಎಂದು ಅವಳು ಮುಂದುವರಿಸಿದಳು.

ಪ್ಲಾನು ಸರಳವಾಗಿತ್ತು, ಅವಳು ವಿವರಿಸಿದ್ದೂ ಸರಿಯಾಗಿಯೇ ಇತ್ತು. ದಿನಕ್ಕೆ ಸ್ವಲ್ಪವೇ ಹೊಸದು, ಒಂದು ಸಣ್ಣ ಭಾಗ. ಆದರೆ ಹೊಸದನ್ನು ಮುಟ್ಟುವ ಮೊದಲು, ಪುಸ್ತಕ ತೆರೆಯದೆ, ನಿನ್ನೆ ಓದಿದ್ದನ್ನು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಹೇಳಿಕೊಂಡರೆ ಲೆಕ್ಕಕ್ಕಿಲ್ಲ. ಆಮೇಲೆ ಮೊನ್ನೆಯದನ್ನು. ಬಾರದಿದ್ದರೆ ಪುಸ್ತಕ ನೋಡಬಹುದು, ಆದರೆ ಬಾರದಿದ್ದುದು ಇವತ್ತಿನ ಪಾಲಿಗೆ ಸೇರುತ್ತದೆ, ನಾಳೆ ಅದೇ ಮತ್ತೆ ‘ನೆನ್ನೆ’ಯಾಗಿ ಎದುರು ಬರುತ್ತದೆ. ಬಂದೇ ಬರುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಭಾನುವಾರ ಹೊಸದೇನೂ ಇಲ್ಲ. ಗಡಿಯಾರ ಇಟ್ಟುಕೊಂಡು ಒಂದು ಹಳೆಯ ಪ್ರಶ್ನೆಪತ್ರಿಕೆ ಪೂರ್ತಿ ಬರೆಯಬೇಕು, ಮಧ್ಯದಲ್ಲಿ ಅಡುಗೆಮನೆಗೆ ಹೋಗುವಂತಿಲ್ಲ. ಕೊನೆಯ ತಿಂಗಳು ಹೊಸದು ಪೂರ್ತಿ ಬಂದ್, ಹಳೆಯ ಪತ್ರಿಕೆಗಳು ಮಾತ್ರ.

“ಓದ್ವಾಗ ಎಲ್ಲಾ ಗೊತ್ತು ಅನ್ಸುತ್ತೆ. ಪುಸ್ತಕ ಮುಚ್ಚಿದ್ ತಕ್ಷಣ ತಿಳಿಯುತ್ತೆ ಎಷ್ಟು ಗೊತ್ತು ಅಂತ. ಅದಕ್ಕೇ ಮುಚ್ಚೋಕೆ ನಮಗೆ ಭಯ. ಮುಚ್ರಿ!” ಎಂದಳು. ಚೆನ್ನಾಗಿ ಹೇಳಿದಳು. ಬರೆದುಕೊಳ್ಳುವವರು ಬರೆದುಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಚಪ್ಪಾಳೆ ತಟ್ಟಿ, ಪಕ್ಕದ ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸಿ ಮನೆಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಬಲಗಡೆಯ ಸಾಲಿನಿಂದ ಒಬ್ಬ ಹುಡುಗ ಎದ್ದು, “ಅಕ್ಕ, ಇದಕ್ಕೆಲ್ಲಾ ಟೈಮ್ ಎಲ್ಲಿದೆ? ಮನೇಗ್ ಹೋದ್ರೆ ಹಸ ಕಟ್ಟಬೇಕು, ಹಾಲು ಡೇರಿಗೆ ಹಾಕಬೇಕು” ಎಂದ.

“ಟೈಮಾ? ಟೈಮ್ ರೋಡಲ್ಲಿ ಬಿದ್ದಿದೆ ಕಣೋ! ನಾವು ಬರೋ ದಾರೀಲಿ ನೆನ್ನೆ, ಹೋಗೋ ದಾರೀಲಿ ಮೊನ್ನೆ. ಗಾಡಿ ಮೇಲೇನೇ! ಹಿಂದೆ ಕೂತಿರೋಳು ಕೇಳೋದು, ಮುಂದೆ ಇರೋಳು ಹೇಳೋದು. ಹೆಲ್ಮೆಟ್ ಹಾಕಿರ‍್ತೀವಲ್ಲ, ಕಿರುಚಿ ಕಿರುಚಿ ಹೇಳಬೇಕು. ಕೆರೆ ಹತ್ರ ಹಸ ಮೇಯಿಸೋ ತಾತನಿಗೆ ಓಮ್ಸ್ ಲಾ ಬಾಯಿಪಾಠ ಆಗಿಹೋಗಿತ್ತು!”

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಗೆಳತಿಯ ಮುಖ ಕೆಂಪಾಗಿ, ಕಣ್ಣು ಹೊಳೆದು, ಅವಳು ನೆಲದಿಂದ ಒಂದು ಗೇಣು ಮೇಲೆ ನಿಂತ ಹಾಗಿದ್ದಳು. ಆಗ ನನ್ನ ತಂಗಿ ಪಕ್ಕದ ಮನೆಯ ಹುಡುಗಿಯ ಕಡೆ ತಿರುಗಿದಳು. ಆ ಹುಡುಗಿ ಇವಳ ಕಡೆ ತಿರುಗಿದಳು. ಇಬ್ಬರೂ ಒಂದೇ ಸಲ ತಲೆಯಾಡಿಸಿದರು. ನಾಳೆ ಬೆಳಗಿನಿಂದಲೇ ಶುರು ಎಂದು ತೀರ್ಮಾನವಾಗಿಹೋಯಿತು.

ನನ್ನ ಕಾಲು ಸೆಮಿನಾರ್ ಹಾಲಿನ ಗ್ರಾನೈಟಿನ ಮೇಲೆ ಬ್ರೇಕು ಒತ್ತಿತು.

ಯಾಕೆಂದರೆ ಗೆಳತಿ ಹೇಳದೆ ಬಿಟ್ಟ ಭಾಗ ಹೀಗಿದೆ. ಆ ಪ್ಲಾನು ಶುರುವಾಗಿ ಕೆಲವೇ ದಿನ ಆಗಿತ್ತು. ಬೆಳಗಿನ ಹೊತ್ತು, ನಾವು ಮುಳಬಾಗಿಲ ಕಡೆ, ಅಂದರೆ ಪೂರ್ವಕ್ಕೆ ಹೋಗುತ್ತಿದ್ದೆವು. ಸೂರ್ಯ ನೇರ ಕಣ್ಣಿಗೆ. ನಮ್ಮ ಕಡೆ ಡಿಸೆಂಬರಿನಲ್ಲಿ ಹುರುಳಿ ಕಿತ್ತು ರಸ್ತೆಗೆ ಹರಡುತ್ತಾರೆ. ಓಡಾಡುವ ಗಾಡಿಗಳೇ ತುಳಿದು ಒಕ್ಕಣೆ ಮಾಡಿಕೊಡಲಿ ಎಂದು. ಕಾಯಿ ಒಡೆದು ಕಾಳು ಉದುರಿದರೆ ಟಾರಿನ ಮೇಲೆ ಗೋಲಿ ಚೆಲ್ಲಿದ ಹಾಗೆ. ನಮಗೆಲ್ಲ ಅದು ಗೊತ್ತು. ಹುಟ್ಟಿದಾಗಿನಿಂದ ಗೊತ್ತು, ಅಲ್ಲಿ ನಿಧಾನಕ್ಕೆ ಹೋಗುತ್ತೇವೆ.

ಅವತ್ತಿನ ‘ನೆನ್ನೆ’ ಕಾಂತಕ್ಷೇತ್ರದ ಪಾಠ. ನಾನು ಹಿಂದಿನಿಂದ ಕೂಗಿದೆ: “ಕರೆಂಟು ನಾವು ಹೋಗ್ತಿರೋ ಕಡೆಗೆ, ಪೂರ್ವಕ್ಕೆ. ಫೀಲ್ಡು ಉತ್ತರಕ್ಕೆ. ತಂತಿ ಮೇಲೆ ಬಲ ಯಾವ ಕಡೆಗೆ?”

ನಮ್ಮ ಪ್ಲಾನಿನಲ್ಲಿ ಒಂದು ಕಾನೂನಿತ್ತು. ಪುಸ್ತಕ ನೋಡಬಾರದು, ಕೈ ನೋಡಬಹುದು. ಫಿಸಿಕ್ಸ್ ಓದಿದವರಿಗೆಲ್ಲ ಗೊತ್ತಿರುವ ಎಡಗೈ ನಿಯಮವಿದೆಯಲ್ಲ, ತೋರುಬೆರಳು, ನಡುಬೆರಳು, ಹೆಬ್ಬೆರಳು ಮೂರನ್ನೂ ಒಂದಕ್ಕೊಂದು ಲಂಬವಾಗಿ ಹಿಡಿಯುವುದು. ತೋರುಬೆರಳು ಕ್ಷೇತ್ರ, ನಡುಬೆರಳು ವಿದ್ಯುತ್ತು, ಹೆಬ್ಬೆರಳು ಬಲ. ಅದನ್ನು ಬಾಯಲ್ಲಿ ಹೇಳಲಾಗುವುದಿಲ್ಲ, ಕೈಯನ್ನೇ ಎತ್ತಬೇಕು. ಪರೀಕ್ಷೆಯ ಹಾಲಿಗೆ ಹೋಗಿ ನೋಡಿ, ಆ ಪ್ರಶ್ನೆ ಬಂದ ವರ್ಷ ಎಲ್ಲ ಮಕ್ಕಳೂ ಎಡಗೈಯನ್ನು ಮುರಿದ ಕೊಂಬೆಯ ಹಾಗೆ ತಿರುಚಿಕೊಂಡು ಕೂತಿರುತ್ತಾರೆ.

ಗೆಳತಿ ಸ್ಕೂಟಿಯ ಹ್ಯಾಂಡಲಿನಿಂದ ಎಡಗೈ ತೆಗೆದಳು. ಸ್ಕೂಟಿಯಲ್ಲಿ ಎಡಗೈಯದೇ ಹಿಂದಿನ ಬ್ರೇಕು. ಮೂರು ಬೆರಳು ಬಿಡಿಸಿ, ತೋರುಬೆರಳನ್ನು ಎಡಕ್ಕೆ ತಿರುಗಿಸಿ, ನಡುಬೆರಳನ್ನು ಮುಂದಕ್ಕೆ ಚಾಚಿ, ತಲೆ ವಾಲಿಸಿ ಹೆಬ್ಬೆರಳನ್ನು ನೋಡತೊಡಗಿದಳು. ಎದುರಿನಿಂದ ಮಾರ್ಕೆಟ್ಟಿಗೆ ಟೊಮೆಟೊ ಹಾಕಿ ಖಾಲಿ ಕ್ರೇಟು ತುಂಬಿಕೊಂಡ ಟ್ರ್ಯಾಕ್ಟರು ಗಡಗಡ ಎಂದು ಬಂತು. ಅವಳು ಬಲಗೈಯ ಬ್ರೇಕು ಮಾತ್ರ ಹಿಡಿದಳು. ಮುಂದಿನ ಚಕ್ರ ಹುರುಳಿಯ ಮೇಲಿತ್ತು.

ಅದಾದ ಮೇಲಿನದು ನನಗೆ ಎಷ್ಟು ಸಲ ಕಂಡಿದೆಯೋ. ಸ್ಕೂಟಿ ಬಲಕ್ಕೆ ಅಡ್ಡ ಮಲಗಿತು, ನಾವು ಎಡಕ್ಕೆ ಎಗರಿದೆವು, ಸ್ಕೂಟಿಯನ್ನು ತಪ್ಪಿಸಲು ಟ್ರ್ಯಾಕ್ಟರು ನಮ್ಮ ಕಡೆಗೇ ವಾಲಿತು. ಟ್ರ್ಯಾಕ್ಟರಿನ ದೊಡ್ಡ ಚಕ್ರ, ಅದರ ಹಲ್ಲು ಹಲ್ಲು ರಬ್ಬರು, ಅದಕ್ಕೆ ಅಂಟಿದ ಹಸಿ ಮಣ್ಣು, ಎಲ್ಲ ನನ್ನ ಮುಖದ ಹತ್ತಿರ ನಿಧಾನವಾಗಿ ಉರುಳಿದವು. ಆ ಚಕ್ರದಲ್ಲಿ ಒಂದು ಟೊಮೆಟೊ ಸಿಪ್ಪೆ ಅಂಟಿತ್ತು. ಅದು ಮೇಲೆ ಹೋಗಿ ಕೆಳಗೆ ಬಂದದ್ದು ನನಗೆ ಗೊತ್ತು. ನನ್ನ ಚೀಲದಿಂದ ಹಾರಿದ ಟಿಫಿನ್ ಡಬ್ಬಿಯ ಮೇಲೆ ಚಕ್ರ ಹತ್ತಿ ಇಳಿಯಿತು. ಡಬ್ಬಿ ಚಿತ್ರಾನ್ನದ ಸಮೇತ ತಟ್ಟೆಯಾಯಿತು. ನನ್ನ ತಲೆಗೂ ಆ ಡಬ್ಬಿಗೂ ನಡುವೆ ಒಂದು ಮೊಳ ಇದ್ದಿರಬಹುದು. ರಾತ್ರಿ ಮಲಗಿದಾಗ ಒಮ್ಮೊಮ್ಮೆ ಆ ಮೊಳ ಕಿರಿದಾಗುತ್ತದೆ.

ಆದರೆ ಅದೇ ಕ್ಷಣದಲ್ಲಿ ಇನ್ನೊಂದೂ ನಡೆಯಿತು. ಅದನ್ನು ನೆನೆದರೆ ನಗು ತಡೆಯಲಾಗುವುದಿಲ್ಲ. ಗಾಳಿಯಲ್ಲಿದ್ದಾಗಲೇ, ಇನ್ನೂ ನೆಲ ಮುಟ್ಟಿಲ್ಲ, ಗೆಳತಿ ಕಿರುಚಿದಳು: “ಮೇಲಕ್ಕೇ!”

ಉತ್ತರ ಸರಿಯಾಗಿತ್ತು. ಪೂರ್ವಕ್ಕೆ ವಿದ್ಯುತ್ತು, ಉತ್ತರಕ್ಕೆ ಕ್ಷೇತ್ರ, ಬಲ ಮೇಲಕ್ಕೆ. ನಾವೂ ಮೇಲಕ್ಕೇ ಹೋಗಿದ್ದೆವು.

ಇಬ್ಬರೂ ರಸ್ತೆಯ ಅಂಚಿನಲ್ಲಿ ಗುಡ್ಡೆ ಹಾಕಿದ್ದ ಹುರುಳಿಯ ಬಳ್ಳಿಯ ಮೇಲೆ ಬಿದ್ದೆವು. ಮೊಣಕೈ, ಮೊಣಕಾಲು ತರಚಿತ್ತು, ಅಷ್ಟೇ. ಹುರುಳಿಯ ಒಡತಿ ಕೈಯಲ್ಲಿ ಕೋಲು ಹಿಡಿದು ಓಡಿ ಬಂದವಳು ನಮ್ಮ ಕೈಕಾಲು ಮುಟ್ಟಿ ಮುಟ್ಟಿ ನೋಡಿ, ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಬೈಯಲು ಶುರು ಮಾಡಿದಳು. “ಏಮ್ರಾ ತಲ್ಲೀ, ಹುರುಳಿ ಬಡಿಯೋಕೆ ಟ್ಯಾಕ್ಟರ್ ಸಾಲ್ದು ಅಂತ ನೀವೂ ಬಂದ್ರಾ? ಗಾಡಿ ಮೇಲೆ ಏನೇ ಅದು ಕೈ ಸನ್ನೆ? ಯಾವ್ ಹುಡುಗನಿಗೆ?”

“ಫಿಸಿಕ್ಸಿಗೆ ಅಮ್ಮಾ” ಎಂದಳು ಗೆಳತಿ. ಆ ಹೆಂಗಸು ಆ ಹೆಸರಿನ ಹುಡುಗ ಯಾವ ಊರಿನವನು ಎಂದು ಕೇಳಿದಳು. ನಾವು ಅಲ್ಲೇ ಹುರುಳಿಯ ಮೇಲೆ ಕುಳಿತು ನಕ್ಕೆವು. ನಗುತ್ತಾ ನಗುತ್ತಾ ನನಗೆ ವಾಂತಿ ಬಂತು. ಟ್ರ್ಯಾಕ್ಟರಿನವನು ಇಳಿದು ಬಂದು, ಚಪ್ಪಟೆಯಾದ ಡಬ್ಬಿಯನ್ನು ಎತ್ತಿ ನನ್ನ ಕೈಗೆ ಕೊಟ್ಟ.

ಇಷ್ಟೂ ಸೆಮಿನಾರ್ ಹಾಲಿನಲ್ಲಿ ಗೋಡೆಗೆ ಒರಗಿದ್ದ ನನ್ನ ತಲೆಯಲ್ಲಿ ಓಡಿತು. ಅಷ್ಟರಲ್ಲಿ ಅಲ್ಲಿ ಮೇಷ್ಟ್ರು ಎದ್ದು, “ಕೇಳಿದ್ರಾ? ಮನಸ್ಸಿದ್ರೆ ಗಾಡಿ ಮೇಲೂ ಓದಬಹುದು” ಎಂದು ಬೇರೆ ಮುದ್ರೆ ಒತ್ತುತ್ತಿದ್ದರು. ಅವರಿಗೂ ಬಿದ್ದ ಕತೆ ಗೊತ್ತಿರಲಿಲ್ಲ. ಅವತ್ತು ಮನೆಯಲ್ಲಿಯೂ ಕಾಲೇಜಿನಲ್ಲಿಯೂ ‘ಕಾಲೇಜಿನ ಮೆಟ್ಟಿಲಲ್ಲಿ ಜಾರಿದೆವು’ ಎಂದು ಹೇಳಿದ್ದೆವು. ಗೆಳತಿ ಮೈಕನ್ನು ಮೇಜಿನ ಮೇಲೆ ಇಡಲು ಬಗ್ಗಿದಳು. ಮಾತು ಮುಗಿಯಿತು ಎಂದು ಅರ್ಥ.

ಕೂಗಲು ನನಗೆ ನಾಚಿಕೆ. ಬೇರೇನೂ ತೋಚದೆ ಎಡಗೈಯನ್ನು ಎತ್ತಿದೆ. ತಲೆಯ ಮೇಲೆ, ಮೂರು ಬೆರಳು ಬಿಡಿಸಿ.

ಅವಳು ನೋಡಿದಳು. ಮೊದಲು ಅರ್ಥವಾಗಲಿಲ್ಲ, ಬೇರೆ ಯಾರಿಗೋ ಕೈ ತೋರಿಸುತ್ತಿದ್ದೇನೆ ಎಂದುಕೊಂಡಳು. ಆಮೇಲೆ ಅರ್ಥವಾಯಿತು. ಬಾಯಿ ಮುಚ್ಚಿಕೊಂಡಳು, ಭುಜ ಕುಣಿಯಿತು, ಮೈಕಿನಲ್ಲಿ ‘ಖುಕ್’ ಎಂಬ ಶಬ್ದ ಬಂತು. ಅವಳು ನಕ್ಕದ್ದನ್ನು ನೋಡಿ ನಾನು ನಕ್ಕೆ. ಹಾಲಿನಲ್ಲಿದ್ದವರೆಲ್ಲ ಹಿಂತಿರುಗಿ, ಗೋಡೆಯ ಹತ್ತಿರ ಮೂರು ಬೆರಳೆತ್ತಿ ಕಣ್ಣೀರು ಬರುವಂತೆ ನಗುತ್ತಿದ್ದ ನನ್ನನ್ನು ನೋಡಿದರು. ತಂಗಿ ಬೆಂಚಿನ ಕೆಳಗೆ ಇಳಿದುಹೋಗುವಷ್ಟು ಕುಗ್ಗಿದಳು.

“ಏನಮ್ಮಾ ಅದು ಹಿಂದೆ? ಯಾರದು?” ಎಂದರು ಮೇಷ್ಟ್ರು.

“ಸಾರ್, ಅವಳೇ ನನ್ ಹಿಂದೆ ಕೂರ‍್ತಿದ್ದೋಳು” ಎಂದಳು ಗೆಳತಿ. “ಒಂದ್ ವಿಷ್ಯ ಬಿಟ್ಬಿಟ್ಟೆ ಸಾರ್.”

ಹೇಳಿದಳು. ಹೇಳದೆ ಇರಲಾಗಲಿಲ್ಲ. ಆದರೆ ಅವಳು ಹೇಳಿದರೆ ಎಲ್ಲವೂ ನಗುವೇ. ಹುರುಳಿ, ಟ್ರ್ಯಾಕ್ಟರು, ‘ಮೇಲಕ್ಕೇ’, ಫಿಸಿಕ್ಸ್ ಎಂಬ ಹುಡುಗ. ಹುಡುಗರು ಡೆಸ್ಕು ಬಡಿದರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ತಂಗಿ. ಪಕ್ಕದ ಮನೆಯ ಹುಡುಗಿ ಕುಳಿತಲ್ಲೇ ಎಡಗೈ ಎತ್ತಿ, ಬಲಗೈಯಲ್ಲಿ ಇಲ್ಲದ ಆಕ್ಸಿಲರೇಟರು ತಿರುಗಿಸಿ ತೋರಿಸುತ್ತಿದ್ದಳು.

ನನ್ನ ನಗು ಅಲ್ಲಿಗೆ ನಿಂತಿತು. ಇದು ಹೇಳದೆ ಇದ್ದುದಕ್ಕಿಂತ ಕೆಟ್ಟದಾಯಿತು. ಈಗ ಇವರಿಗೆ ಅದು ಆಟ.

ಆವನಿಯಿಂದ ಬರುವ ಒಬ್ಬ ಹುಡುಗ ಎದ್ದ. “ಅಕ್ಕ, ನಾನು ಬಸ್ಸಲ್ಲಿ ಬರ‍್ತೀನಿ. ನಿಂತ್ಕಂಡು. ಎರಡು ಕೈಯೂ ಕಂಬಿ ಮೇಲೆ. ನಾನು ಎಡಗೈ ಎತ್ತಿದ್ರೆ ಮೇಲಕ್ಕಲ್ಲ, ಕಂಡಕ್ಟ್ರು ಮೇಲೆ ಬೀಳ್ತೀನಿ.”

“ನೀನು ಬೀಳು ಕಣೋ, ಮೆತ್ತಗಿರ‍್ತಾರೆ” ಎಂದಳು ಗೆಳತಿ. ಮತ್ತೆ ನಗು. ಆ ನಗುವಿನ ಮಧ್ಯೆ ಅವಳು ನನ್ನ ಕಡೆ ನೋಡಿದಳು. ನಾನು ಕೈ ಇಳಿಸಿದ್ದೆ. ನನ್ನ ಮುಖದಲ್ಲಿ ಏನಿತ್ತೋ, ನನಗೆ ಗೊತ್ತಿಲ್ಲ. ಅವಳು ಮೈಕನ್ನು ಬಾಯಿಯಿಂದ ಸ್ವಲ್ಪ ದೂರ ಹಿಡಿದು, ಎಲ್ಲರೂ ಸುಮ್ಮನಾಗುವವರೆಗೂ ಕಾದಳು. ಅವಳು ಕಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಿಮ್ಗೆ ಒಂದ್ ಮಾತು ಹೇಳ್ಲಾ? ನಾನು ಈಗ ಆಸ್ಪತ್ರೇಲಿ ಡ್ಯೂಟಿ ಮಾಡ್ತೀನಿ. ಕ್ಯಾಶುವಲ್ಟಿಗೆ ಹಾಕ್ತಾರೆ. ಗಾಡೀಲಿ ಬಿದ್ದೋರ‍್ನ ತರ‍್ತಾರೆ. ಒಬ್ಬೊಬ್ಬರದು ಗಾಯಾನೇ ಕಾಣಲ್ಲ. ಬಟ್ಟೆ ಕೊಳೆ ಕೂಡ ಆಗಿರಲ್ಲ.” ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. “ನಂಗೆ ಅವಾಗೆಲ್ಲಾ ಟ್ಯಾಕ್ಟರ್ ಚಕ್ರಕ್ಕೆ ಸಿಕ್ಕ ಇವಳ ಟಿಫಿನ್ ಡಬ್ಬಿ ನೆನಪಾಗುತ್ತೆ. ಅಷ್ಟೇ.”

ಹೊರಗೆ ಯಾರೋ ಬೈಕಿಗೆ ಕಿಕ್ ಹೊಡೆಯುವುದು ಕೇಳುತ್ತಿತ್ತು, ಸ್ಟಾರ್ಟ್ ಆಗುತ್ತಿರಲಿಲ್ಲ. ಅವಳಿಗೂ ಡಬ್ಬಿ ನೆನಪಾಗುತ್ತದೆ ಎಂದು ನನಗೆ ಇಷ್ಟು ವರ್ಷವೂ ಗೊತ್ತಿರಲಿಲ್ಲ. ನಾನೊಬ್ಬಳೇ ಎಂದುಕೊಂಡಿದ್ದೆ.

“ಸರಿ, ಕೇಳ್ರಿ” ಎಂದು ಅವಳು ಮತ್ತೆ ತನ್ನ ದನಿಗೆ ಬಂದಳು. “ಮೂರು ತಿಂಗಳು ನಮ್ಮನ್ನ ದಾಟಿಸಿದ ಪ್ಲಾನು ಗಾಡಿ ಮೇಲೆ ಮಾಡಿದ್ದಲ್ಲ. ಬಿದ್ದ ಮಾರನೇ ದಿನದಿಂದ ನಾವು ಮನೆ ಬೇಗ ಬಿಟ್ವಿ. ಅರ್ಧ ದಾರೀಲಿ ಗಾಡಿ ಸ್ಟ್ಯಾಂಡ್ ಹಾಕಿ, ಇಳಿದು, ಹೊಂಗೆ ಮರದ ಕೆಳಗೆ ನಿಂತ್ಕೊಂಡು ನೆನ್ನೆದು ಒಪ್ಪಿಸಿದ್ವಿ. ಸಾಯಂಕಾಲ ಅಲ್ಲೇ ಮೊನ್ನೆದು. ಒಂದ್ ಹತ್ತು ನಿಮಿಷ. ನಿಂತ್ರೆ ಚೆನ್ನಾಗಿ ಜ್ಞಾಪಕಾನೂ ಬರುತ್ತೆ, ಕೈನೂ ಬೇಕಾದಂಗೆ ತಿರುಗಿಸ್ಬೋದು. ಗಾಡಿ ಓಡ್ತಿರುವಾಗ ಬಾಯಿ ಬಂದ್. ಹಿಂದೆ ಕೂತೋಳು ಪ್ರಶ್ನೆ ಕೇಳಂಗಿಲ್ಲ, ಮುಂದೆ ಇರೋಳು ಉತ್ತರ ಹೇಳಂಗಿಲ್ಲ. ಬಸ್ಸಲ್ಲಿ ಬರೋರು ಎಷ್ಟ್ ಬೇಕಾದ್ರೂ ಹೇಳ್ಕೊಳ್ಳಿ, ಡ್ರೈವರ‍್ನ ಮಾತ್ರ ಕೇಳ್ಬೇಡಿ.”

ಮೇಷ್ಟ್ರು ಎದ್ದು ನಿಂತು, “ನಾನು ಆಗ ಹೇಳಿದ್ದು ವಾಪಸ್ ತಗೊಂಡಿದೀನಿ” ಎಂದರು. ಬೋರ್ಡಿನಲ್ಲಿ ‘ನೆನ್ನೆ, ಮೊನ್ನೆ’ಯ ಕೆಳಗೆ ತಾವೇ ‘ನಿಂತು’ ಎಂದು ಬರೆದು ಎರಡು ಸಲ ಅಡಿಗೆರೆ ಎಳೆದರು. ‘ನೆನ್ನೆ’ಯನ್ನು ತಿದ್ದಲಿಲ್ಲ. ಆಮೇಲೆ ಗೆಳತಿಯ ಕಡೆ ತಿರುಗಿ, “ಮೆಟ್ಟಿಲಲ್ಲಿ ಬಿದ್ದೆ ಅಂದಿದ್ದೆಯಲ್ಲಮ್ಮಾ. ನಾನು ಆ ಮೆಟ್ಟಿಲಿಗೆ ಸಿಮೆಂಟು ಹಾಕಿಸಿದೆ” ಎಂದರು. ಆಗ ಬಂದ ನಗುವಿಗೆ ಮೈಕು ತಾನೇ ಕೀರಿಟ್ಟಿತು.

ಕಾಲೇಜು ಬಿಟ್ಟಾಗ ಪಕ್ಕದ ಮನೆಯ ಹುಡುಗಿ ಸ್ಕೂಟಿ ತೆಗೆದಳು, ತಂಗಿ ಹಿಂದೆ ಕುಳಿತಳು. ಗೆಳತಿ ತನ್ನ ಅಣ್ಣನ ಬೈಕು ತಂದಿದ್ದಳು. ನಾನು ಹಿಂದೆ ಕುಳಿತೆ. ನಾನು ಏನೂ ಹೇಳದಿದ್ದರೂ ಅವಳು ಸ್ಕೂಟಿಯ ಹಿಂದೆಯೇ ಬಿಟ್ಟಳು. ಊರು ದಾಟಿ, ದೊಡ್ಡ ರಸ್ತೆ ಬಿಟ್ಟು, ನಮ್ಮ ರಸ್ತೆಗೆ ತಿರುಗಿದೆವು. ಈ ವರ್ಷವೂ ಹುರುಳಿ ಹರಡಿದ್ದರು. ಸ್ಕೂಟಿ ನಿಧಾನವಾಯಿತು. ನನ್ನ ಕಾಲು ತನ್ನ ಕೆಲಸ ಶುರು ಮಾಡಿತು.

“ಒದೀಬೇಡ್ವೇ, ಬೈಕ್ ವಾಲುತ್ತೆ” ಎಂದಳು ಗೆಳತಿ.

ತಂಗಿಯ ಹೆಲ್ಮೆಟ್ಟು ಮುಂದಕ್ಕೆ ಬಾಗಿತು, ಆ ಹುಡುಗಿಯ ಕಿವಿಯ ಹತ್ತಿರ. ಏನೋ ಹೇಳುತ್ತಿದ್ದಾಳೆ. ಪ್ರಶ್ನೆಯೋ, ಹಾಡೋ, ನಮ್ಮಿಬ್ಬರ ಮೇಲಿನ ಚಾಡಿಯೋ ಗೊತ್ತಾಗಲಿಲ್ಲ. ನನಗೆ ಇನ್ನು ತಡೆಯಲಾಗಲಿಲ್ಲ. “ಪಕ್ಕಕ್ಕೆ ಬಿಡು” ಎಂದೆ. ಹುರುಳಿ ಮುಗಿದ ಕಡೆ ಗೆಳತಿ ಅವರ ಸಮಕ್ಕೆ ಹೋದಳು. ಅವರೂ ನಿಲ್ಲಿಸಿದರು.

“ಏನೇ ಹೇಳ್ತಿದ್ದೆ ಅವಳಿಗೆ?” ಎಂದೆ.

“‘ನಮ್ ಅಕ್ಕ ಹಿಂದೆ ಬರ‍್ತಾ ಇದಾಳೆ, ತಿರುಗಿ ನೋಡ್ಬೇಡ’ ಅಂದೆ” ಎಂದಳು ತಂಗಿ. “ನೀನ್ ಪೊಲೀಸ್ ಥರ ಬೆನ್ನತ್ತಿದ್ರೆ ಇವಳಿಗೆ ಕೈ ನಡುಗುತ್ತೆ ಕಣಕ್ಕ. ಇಷ್ಟೊತ್ತೂ ಚೆನ್ನಾಗೇ ಬಿಡ್ತಿದ್ಲು. ನೀವ್ ಮುಂದೆ ಹೋಗಿ. ನಾವು ಇಲ್ಲೇ ನಿಂತು ಮೊನ್ನೆದು ಮುಗಿಸಿ ಬರ‍್ತೀವಿ.”

“ಮೊನ್ನೆದು ಏನು?” ಎಂದಳು ಗೆಳತಿ.

ತಂಗಿ ಆಕಾಶ ನೋಡಿದಳು. ಪಕ್ಕದ ಮನೆಯ ಹುಡುಗಿ ರಸ್ತೆ ನೋಡಿದಳು.

“ಅದೇ ಜ್ಞಾಪಕ ಬರ‍್ತಿಲ್ಲ” ಎಂದಳು ತಂಗಿ. “ಹೋಗ್ರೇ ನೀವು, ಬರುತ್ತೆ.”

ಹೋದೆವು. ನೂರು ಗಜ ಹೋಗುವಷ್ಟರಲ್ಲಿ ನಾನು ನಿಲ್ಲಿಸಲು ಹೇಳಿದೆ. ಗೆಳತಿ ಬೈಯಲಿಲ್ಲ, ಬೈಕಿಗೆ ಸ್ಟ್ಯಾಂಡು ಹಾಕಿ ತಾನೂ ಹಿಂದಕ್ಕೆ ನೋಡುತ್ತ ನಿಂತಳು. ದೂರದಲ್ಲಿ ಇಬ್ಬರೂ ರಸ್ತೆಯ ಅಂಚಿನಲ್ಲಿ ನಿಂತು ಕೈ ಬೀಸಿ ಬೀಸಿ ಜಗಳವಾಡುತ್ತಿರುವ ಹಾಗೆ ಮಾತಾಡುತ್ತಿದ್ದರು. ಒಂದು ಟ್ರ್ಯಾಕ್ಟರು ಅವರನ್ನು ದಾಟಿ ನಮ್ಮನ್ನೂ ದಾಟಿ ಹೋಯಿತು. ನಾನು ಅದರ ಚಕ್ರ ನೋಡಲಿಲ್ಲ, ಅಥವಾ ಸ್ವಲ್ಪ ಮಾತ್ರ ನೋಡಿದೆ.

ಕೊನೆಗೆ ಸ್ಕೂಟಿ ಬಂತು. ನಾವು ಕಾಯುತ್ತಿರುವುದು ಅವರಿಗೆ ಕಂಡಿತು. ಮುಂದಿನವಳ ಎರಡು ಕೈಯೂ ಹ್ಯಾಂಡಲಿನ ಮೇಲೆ, ಪರೀಕ್ಷೆಗೆ ಕೂತವಳ ಹಾಗೆ ನೆಟ್ಟಗೆ. ನಮ್ಮ ಹತ್ತಿರ ಬಂದಾಗ ಇಬ್ಬರೂ ಹೆಲ್ಮೆಟ್ಟಿನ ಗಾಜು ಎತ್ತಿದ್ದರು. ಇಬ್ಬರೂ ಕೆನ್ನೆ ಊದಿಸಿ, ಬಾಯಲ್ಲಿ ನೀರು ತುಂಬಿಕೊಂಡವರ ಹಾಗೆ ತುಟಿ ಬಿಗಿದುಕೊಂಡು, ಒಂದು ಮಾತೂ ಆಡದೆ, ತಿರುಗಿಯೂ ನೋಡದೆ ನಮ್ಮನ್ನು ದಾಟಿ ಹೋದರು.